ಹದಿಮೂರು ವರ್ಷದಲ್ಲಿ ಎಂಟು ನಿಮಿಷ

ನನಗೆ ಫಿಟ್ಸ್ ಇದೆ. ಡಾಕ್ಟರ ಭಾಷೆಯಲ್ಲಿ ಎಪಿಲೆಪ್ಸಿ, ಪುಸ್ತಕದ ಕನ್ನಡದಲ್ಲಿ ಅಪಸ್ಮಾರ, ನಮ್ಮ ಲಕ್ಷ್ಮೇಶ್ವರದ ಓಣಿಯಲ್ಲಿ ಮಾತ್ರ ಯಾರೂ ಹೆಸರು ಹಿಡಿದು ಹೇಳದ "ಆ ಬ್ಯಾನಿ". ಹದಿನೇಳನೇ ವಯಸ್ಸಿಗೆ ಶುರುವಾಯಿತು, ಈಗ ನನಗೆ ಮೂವತ್ತು. ಈ ಹದಿಮೂರು ವರ್ಷದಲ್ಲಿ ನಾನು ಪ್ರಜ್ಞೆ ತಪ್ಪಿ ಬಿದ್ದದ್ದು ಒಟ್ಟು ನಾಲ್ಕು ಸಲ. ಒಂದೊಂದು ಸಲವೂ ಹೆಚ್ಚುಕಡಿಮೆ ಎರಡು ನಿಮಿಷ. ಕೂಡಿಸಿದರೆ ಎಂಟು ನಿಮಿಷ. ಉಳಿದ ಸಮಯದಲ್ಲಿ ನನ್ನನ್ನು ನೋಡಿದವರಿಗೆ ಕಾಣುವುದು ಬೆಂಗಳೂರಿನಲ್ಲಿ ಕೋಡ್ ಬರೆಯುವ, ಮೆಟ್ರೋ ಹಿಡಿಯಲು ಓಡುವ ಒಬ್ಬ ಹೆಂಗಸು, ಅಷ್ಟೇ.

ಆದರೆ ಆ ಎಂಟು ನಿಮಿಷವನ್ನು ಮುಚ್ಚಿಡಲು ನಮ್ಮ ಮನೆಯವರು ಪಟ್ಟ ಪಾಡು ಹದಿಮೂರು ವರ್ಷದ್ದು. ಯಾಕೆ ಮುಚ್ಚಿಡುತ್ತೇವೆ, ಮುಚ್ಚಿಟ್ಟರೆ ದೇಹಕ್ಕೆ ಏನಾಗುತ್ತದೆ ಅನ್ನೋದನ್ನು ನನ್ನದೇ ಲೆಕ್ಕ ಹಿಡಿದು ಹೇಳ್ತೀನಿ.

ಕೈಯಿಂದ ಬಿದ್ದ ಕಪ್ಪು

ನನಗಿರುವ ಬಗೆಯ ಹೆಸರು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಚಿಕ್ಕದಾಗಿ ಜೆಎಂಇ. ಹೆಚ್ಚಾಗಿ ಹನ್ನೆರಡರಿಂದ ಹದಿನೆಂಟು ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ. ಇದರ ಮೊದಲ ಲಕ್ಷಣ ನೆಲಕ್ಕೆ ಬಿದ್ದು ಒದ್ದಾಡುವುದಲ್ಲ. ಬೆಳಿಗ್ಗೆ ಎದ್ದ ಅರ್ಧ ಗಂಟೆ, ಒಂದು ಗಂಟೆಯೊಳಗೆ ಕೈ ಅಥವಾ ಭುಜ ತಟ್ಟನೆ ಜಗ್ಗಿದಂತೆ ಆಗುವುದು. ಒಂದು ಕ್ಷಣ, ಅಷ್ಟೇ. ಎಚ್ಚರ ಪೂರ್ತಿ ಇರುತ್ತದೆ. ಕೈಯಲ್ಲಿ ಚಹಾದ ಕಪ್ಪಿದ್ದರೆ ಅದು ಎಲ್ಲೋ ಹೋಗಿ ಬೀಳುತ್ತದೆ, ಹಲ್ಲುಜ್ಜುವ ಬ್ರಷ್ ಹಾರುತ್ತದೆ. ರಾತ್ರಿ ನಿದ್ದೆಗೆಟ್ಟಿದ್ದರೆ ಇದು ಜಾಸ್ತಿ.

ನಮ್ಮ ಮನೆಯಲ್ಲಿ ಇದನ್ನು ರೋಗ ಅಂತ ಯಾರೂ ತಿಳಿಯಲಿಲ್ಲ. "ಕೈಯಾಗ ಜೀವಾ ಇಲ್ಲೇನ ನಿನಗ? ಮೂರನೇ ಕಪ್ಪು ಒಡದಿ ನೋಡು" ಅಂತ ಅವ್ವ ಬೈಯುತ್ತಿದ್ದಳು. ಎರಡನೇ ಪಿಯುಸಿ ಪರೀಕ್ಷೆಗೆ ಎರಡು ರಾತ್ರಿ ನಿದ್ದೆ ಬಿಟ್ಟು ಓದಿದ ಮರುದಿನ ಬೆಳಿಗ್ಗೆ ಕೈ ಐದಾರು ಸಲ ಜಗ್ಗಿತು, ಆಮೇಲೆ ನನಗೇನೂ ನೆನಪಿಲ್ಲ. ಎಚ್ಚರವಾದಾಗ ನಾಲಿಗೆ ಕಚ್ಚಿಕೊಂಡಿತ್ತು, ಮೈ ಹೊಡೆದಂತೆ ನೋಯುತ್ತಿತ್ತು, ಅಂಗೈಯಲ್ಲಿ ಕಬ್ಬಿಣದ ಕೀಲಿಗೊಂಚಲು ಇತ್ತು.

ಮೊದಲು ತೋರಿಸಿದ ಡಾಕ್ಟರಿಗೆ ಮನೆಯವರು ಹೇಳಿದ್ದು ಬಿದ್ದದ್ದನ್ನು ಮಾತ್ರ. ಕಪ್ಪು ಒಡೆದ ಸುದ್ದಿ ಅವರಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ. ಜೊತೆಗೆ ಅಪ್ಪ "ಒಮ್ಮೆ ಆಗೇತ್ರಿ, ಬಿಸಿಲಿಗೆ ಇರಬೇಕು" ಅಂತ ಅದನ್ನೂ ಆದಷ್ಟು ಸಣ್ಣದು ಮಾಡಿ ಹೇಳಿದರು. ಮುಚ್ಚಿಡುವುದು ಊರಿನವರಿಂದ ಶುರುವಾಗುವುದಿಲ್ಲ, ಡಾಕ್ಟರ ಟೇಬಲ್ಲಿನ ಮುಂದೆಯೇ ಶುರುವಾಗುತ್ತದೆ. ಅವರು ಕಾರ್ಬಮಜೆಪಿನ್ ಬರೆದುಕೊಟ್ಟರು. ಮೆದುಳಿನ ಒಂದೇ ಜಾಗದಿಂದ ಹುಟ್ಟುವ ಫಿಟ್ಸ್‌ಗೆ ಅದು ಒಳ್ಳೆಯ ಔಷಧ. ಜೆಎಂಇಗೆ ಅದೇ ಔಷಧ ಕೈ ಜಗ್ಗುವುದನ್ನು ಹೆಚ್ಚು ಮಾಡಬಲ್ಲದು. ನನಗೆ ಹಾಗೇ ಆಯಿತು. ಗುಳಿಗೆ ತಪ್ಪದೆ ನುಂಗುತ್ತಿದ್ದರೂ ಬೆಳಗಿನ ಜಗ್ಗಾಟ ಜಾಸ್ತಿಯಾಗಿ, ಎಂಟು ತಿಂಗಳಿಗೆ ಎರಡನೇ ಸಲ ಬಿದ್ದೆ.

ಆಗ ಹುಬ್ಬಳ್ಳಿಯಲ್ಲಿ ನರರೋಗ ತಜ್ಞರೊಬ್ಬರಿಗೆ ತೋರಿಸಿದೆವು. ಅವರು ಸ್ಕ್ಯಾನ್ ನೋಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: "ಬೆಳಿಗ್ಗೆ ಎದ್ದ ಕೂಡ್ಲೇ ಕೈಯಾಗಿಂದು ಬೀಳತಾವೇನವಾ?" ಅವ್ವ ನನ್ನ ಮುಖ ನೋಡಿದಳು, ನಾನು ಅವ್ವನ ಮುಖ ನೋಡಿದೆ. ಎಂಆರ್‌ಐ ನಾರ್ಮಲ್ ಬಂತು. ಜೆಎಂಇಯಲ್ಲಿ ಅದು ನಾರ್ಮಲ್ಲೇ ಇರುತ್ತದೆ, ಮೆದುಳಿನಲ್ಲಿ ಗಡ್ಡೆ ಕಲೆ ಏನೂ ಇರುವುದಿಲ್ಲ. ರಾತ್ರಿ ನಿದ್ದೆಗೆಡಿಸಿ ಬೆಳಿಗ್ಗೆ ಮಾಡಿದ ಇಇಜಿಯಲ್ಲಿ ಮಾತ್ರ ಸುಳಿವು ಸಿಕ್ಕಿತು. ಗುಳಿಗೆ ಬದಲಾಯಿತು, ಲೆವೆಟಿರಾಸೆಟಮ್ ದಿನಕ್ಕೆ ಎರಡು ಸಲ. ಎರಡು ವಾರದಲ್ಲಿ ಕಪ್ಪು ಒಡೆಯುವುದು ನಿಂತಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಬಂದು, ಗುಳಿಗೆ ತಗೊಂಡರೂ ಹತೋಟಿಗೆ ಬರದೆ ಇದ್ದರೆ, ಬೆಳಗಿನ ಈ ಜಗ್ಗಾಟ ಇದೆಯಾ ಅಂತ ಗಮನಿಸಿ ಡಾಕ್ಟರಿಗೆ ಹೇಳಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಲಕ್ಷ್ಮೇಶ್ವರದಿಂದ ಗದಗಿಗೆ ಒಂದು ಪಟ್ಟಿ ಗುಳಿಗೆಗೆ

ಗುಳಿಗೆ ಸರಿಹೋಯಿತು, ಆದರೆ ಅದನ್ನು ಕೊಳ್ಳುವುದು ಎಲ್ಲಿ? ನಮ್ಮೂರಿನ ಮೆಡಿಕಲ್ ಶಾಪಿನವರು ಅಪ್ಪನ ಗೆಳೆಯರು. ಅಂಗಡಿಯ ಕಟ್ಟೆಯ ಮೇಲೆ ಸದಾ ನಾಲ್ಕು ಜನ ಕೂತಿರುತ್ತಾರೆ. "ಅಲ್ಲಿ ಚೀಟಿ ಕೊಟ್ರ ಸಂಜೀಕ ಶಿರಹಟ್ಟಿ ತನಕಾ ಸುದ್ದಿ ಹೋಗತೈತಿ" ಅಂದಳು ಅವ್ವ. ಹಾಗಾಗಿ ಅಪ್ಪ ತಿಂಗಳಿಗೊಮ್ಮೆ ಬಸ್ಸು ಹತ್ತಿ ಸುಮಾರು 40 ಕಿಲೋಮೀಟರ್ ದೂರದ ಗದಗಿಗೆ ಹೋಗಿ, ಬೆಟಗೇರಿ ಕಡೆಯ ಗುರುತಿಲ್ಲದ ಅಂಗಡಿಯಲ್ಲಿ ಕೊಂಡು ತರುತ್ತಿದ್ದರು. ಮನೆಗೆ ಬಂದ ಮೇಲೆ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಕ್ಯಾಲ್ಸಿಯಂ ಡಬ್ಬಿಗೆ ಹಾಕುವುದು ಅವ್ವನ ಕೆಲಸ.

ಇದು ಹುಚ್ಚು ಅಂತ ನಿಮಗೆ ಅನ್ನಿಸಬಹುದು. ಆದರೆ ಅವರ ಹೆದರಿಕೆಗೆ ಕಾರಣ ಇತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದು ಕಾಲಕ್ಕೆ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಸಾಲಿನಲ್ಲಿ ಪದೇ ಪದೇ ಬರುವ ಹುಚ್ಚಿನ ಪಕ್ಕದಲ್ಲೇ ಅಪಸ್ಮಾರವೂ ಇತ್ತು. ಅದೊಂದೇ ಕಾರಣಕ್ಕೆ ಮದುವೆ ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದಿತ್ತು. ಆ ಪದವನ್ನು ಕಾಯ್ದೆಯಿಂದ ತೆಗೆದದ್ದು 1999ರ ಕೊನೆಯಲ್ಲಿ. ಅಂದರೆ ನನ್ನ ಅಪ್ಪ ಅವ್ವ ಮದುವೆಯಾದಾಗ ಕಾನೂನೇ ಈ ಕಾಯಿಲೆಯವರನ್ನು ಮದುವೆಗೆ ತಕ್ಕವರಲ್ಲ ಅನ್ನುತ್ತಿತ್ತು. ಕಾಯ್ದೆ ತಿದ್ದಿದ ಸುದ್ದಿ ನಮ್ಮ ಕಟ್ಟೆಗೆ ಇನ್ನೂ ಬಂದಿಲ್ಲ.

ಈ ಕಾಯಿಲೆ ಅಪರೂಪದ್ದೂ ಅಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸಾವಿರಕ್ಕೆ ಸುಮಾರು ಒಂಬತ್ತು ಜನರಿಗೆ ಅಪಸ್ಮಾರ ಇತ್ತು, ಹಳ್ಳಿಗಳಲ್ಲಿ ನಗರದ ಎರಡು ಪಟ್ಟು. ಅದೇ ಅಳತೆ ನಮ್ಮ ಕಡೆಗೂ ಹಿಡಿದರೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳಲ್ಲಿ ಓಣಿಗೆ ಒಬ್ಬರಾದರೂ ಇರಬೇಕು. ನನಗೆ ಊರಿನಲ್ಲಿ ಒಬ್ಬರೂ ಗೊತ್ತಿಲ್ಲ. ಅವರಿಗೂ ನಾನು ಗೊತ್ತಿಲ್ಲ. ಬಹುಶಃ ಅವರ ಅಪ್ಪಂದಿರೂ ಗದಗಿನ ಬಸ್ಸಿನಲ್ಲೇ ಕೂತಿರಬೇಕು.

ನಾನು ಮೂರನೇ ಸಲ ಬಿದ್ದದ್ದು ಶಿರಹಟ್ಟಿಯ ಒಂದು ಮದುವೆ ಮನೆಯಲ್ಲಿ. ಮೂರು ರಾತ್ರಿ ಸರಿಯಾದ ನಿದ್ದೆ ಇಲ್ಲ. ಒಂದೇ ಕೋಣೆಯಲ್ಲಿ ಹದಿನೈದು ಹೆಣ್ಮಕ್ಕಳು, ಡಬ್ಬಿ ತೆಗೆದರೆ "ಏನ ಗುಳಿಗಿಬೇ ಅದು?" ಅನ್ನುವ ಅತ್ತೆಯಂದಿರು. ಎರಡು ದಿನದ ಗುಳಿಗೆ ತಪ್ಪಿತು. ಯಾರಿಗೆ ಗೊತ್ತಾಗಬಾರದು ಅಂತ ಗುಳಿಗೆ ತಪ್ಪಿತೋ, ಅವರೆಲ್ಲರ ಮುಂದೆಯೇ ಬಿದ್ದೆ. ಬಚ್ಚಿಡುವುದರ ದೊಡ್ಡ ತೊಡಕು ಇದೇ. ಈ ಗುಳಿಗೆಗಳು ರಕ್ತದಲ್ಲಿ ಒಂದೇ ಮಟ್ಟದಲ್ಲಿ ಇರಬೇಕು. ಲೆವೆಟಿರಾಸೆಟಮ್ ಅರ್ಧ ದಿನದೊಳಗೇ ಬಹಳಷ್ಟು ಇಳಿದುಹೋಗುತ್ತದೆ, ಅದಕ್ಕೇ ದಿನಕ್ಕೆ ಎರಡು ಸಲ. ಬಚ್ಚಿಟ್ಟು ನುಂಗುವವರಿಗೆ ಸಮಯ ಅವರ ಕೈಯಲ್ಲಿ ಇರುವುದಿಲ್ಲ, ಕೋಣೆ ಯಾವಾಗ ಖಾಲಿ ಆಗುತ್ತದೆ ಅನ್ನುವುದರ ಮೇಲೆ ಇರುತ್ತದೆ.

ಮುಂಡರಗಿಯ ಅಕ್ಕ

ನನ್ನ ದೊಡ್ಡಮ್ಮನ ಮಗಳನ್ನು ಮುಂಡರಗಿಗೆ ಕೊಟ್ಟಿದ್ದಾರೆ. ಆಕೆಗೂ ಇದೇ ಕಾಯಿಲೆ. ಆಕೆಗೆ ಹೇಳಿಯೇ ಇದನ್ನು ಬರೆಯುತ್ತಿದ್ದೇನೆ. ಮದುವೆಯಾದಾಗ ಆಕೆ ಸೋಡಿಯಂ ವಾಲ್‌ಪ್ರೊಯೇಟ್ ಎಂಬ ಗುಳಿಗೆಯ ಮೇಲೆ ಇದ್ದಳು. ಜೆಎಂಇಗೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬಸಿರಿನಲ್ಲಿ ಅದನ್ನು ತಗೊಂಡರೆ ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಅಂಗದೋಷ ಬರುವ ಸಾಧ್ಯತೆ ಇದೆ, ಸಾಮಾನ್ಯವಾಗಿ ಅದು ಎರಡು ಮೂರು ಮಾತ್ರ. ಮಗುವಿನ ಬುದ್ಧಿ ಬೆಳವಣಿಗೆಗೂ ತೊಂದರೆ ಆಗಬಹುದು. ಅದಕ್ಕೇ ಮಕ್ಕಳು ಬೇಕು ಅನ್ನುವ ಹೆಣ್ಣುಮಕ್ಕಳಿಗೆ ಬಸಿರಾಗುವ ಎಷ್ಟೋ ತಿಂಗಳು ಮೊದಲೇ ಲ್ಯಾಮೊಟ್ರಿಜಿನ್ ಅಥವಾ ಲೆವೆಟಿರಾಸೆಟಮ್‌ಗೆ ಬದಲಾಯಿಸಲು ನೋಡುತ್ತಾರೆ, ಫೋಲಿಕ್ ಆಸಿಡ್ ಶುರು ಮಾಡುತ್ತಾರೆ. ಈ ಬದಲಾವಣೆ ಒಂದು ದಿನದ ಕೆಲಸವಲ್ಲ. ಲ್ಯಾಮೊಟ್ರಿಜಿನ್ ಅನ್ನು ವಾರಗಟ್ಟಲೆ ನಿಧಾನಕ್ಕೆ ಏರಿಸಬೇಕು, ಬೇಗ ಏರಿಸಿದರೆ ಚರ್ಮದ ಮೇಲೆ ಅಪಾಯದ ಗಂಧೆ ಏಳಬಹುದು.

ಈಗ ಗಂಡನ ಮನೆಯಲ್ಲಿ ಯಾರಿಗೂ ಹೇಳದ ಹುಡುಗಿ ಇದನ್ನೆಲ್ಲ ಹೇಗೆ ಮಾಡಬೇಕು? ಹುಬ್ಬಳ್ಳಿಗೆ ಯಾವ ನೆಪ ಹೇಳಿ ಹೋಗಬೇಕು? ಅಕ್ಕ ಹೋಗಲಿಲ್ಲ. ಎರಡು ತಿಂಗಳ ಬಸಿರು ಅಂತ ಗೊತ್ತಾದ ದಿನ ಮೊಬೈಲಿನಲ್ಲಿ ಗುಳಿಗೆಯ ಹೆಸರು ಹುಡುಕಿ, ಓದಿ, ಹೆದರಿ, ಒಮ್ಮೆಗೇ ನಿಲ್ಲಿಸಿಬಿಟ್ಟಳು. ಹಾಗೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಒಂದರ ಹಿಂದೆ ಒಂದು ಬರಬಹುದು. ಆರನೇ ದಿನ ಅಡುಗೆಮನೆಯಲ್ಲಿ ಬಿದ್ದಳು.

ಆಮೇಲೆ ಆದ ಜಗಳದಲ್ಲಿ ಆಕೆಯ ಮಾವ ಒಂದೇ ಮಾತು ಹಿಡಿದಿದ್ದರು: "ಬ್ಯಾನಿ ಯಾರಿಗಿಲ್ರಿ? ನಮಗ ಖೊಟ್ಟಿ ಹೇಳಿ ಕೊಟ್ರಲ್ಲ." ನಾಲ್ಕು ತಿಂಗಳು ತವರಿನಲ್ಲಿ ಇದ್ದಳು. ಮಗು ಆರೋಗ್ಯವಾಗಿ ಹುಟ್ಟಿತು, ಸಂಸಾರ ಮತ್ತೆ ಕೂಡಿತು. ಎಲ್ಲರದೂ ಕೂಡುವುದಿಲ್ಲ. ಕಾಯ್ದೆಯಿಂದ ಅಪಸ್ಮಾರ ಎಂಬ ಪದ ಹೋದರೂ, ಮುಖ್ಯ ಸಂಗತಿ ಮುಚ್ಚಿಟ್ಟು ಮೋಸದಿಂದ ಒಪ್ಪಿಗೆ ಪಡೆದರು ಅಂತ ದಾವೆ ಹಾಕುವ ದಾರಿ ಅದೇ ಕಾಯ್ದೆಯಲ್ಲಿ ಇನ್ನೂ ಇದೆ. ಅಂದರೆ ಈಗ ಕೋರ್ಟಿನಲ್ಲಿ ಬಲ ಇರುವುದು ಕಾಯಿಲೆಗಲ್ಲ, ಮುಚ್ಚಿಟ್ಟಿದ್ದಕ್ಕೆ.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ವೈದ್ಯರು ಮದುವೆಗೆ ಮೊದಲೇ ಅಪಸ್ಮಾರ ಇದ್ದ ಹೆಣ್ಣುಮಕ್ಕಳನ್ನು ಕೇಳಿ 2007ರಲ್ಲಿ ಬರೆದ ವರದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡಿನ ಕಡೆಯವರಿಗೆ ಹೇಳದೆ ಮದುವೆಯಾಗಿದ್ದರು. ನಮ್ಮ ಅಕ್ಕ ಒಬ್ಬಳೇ ಅಲ್ಲ ಅನ್ನಲು ಇಷ್ಟು ಸಾಕು.

ಅಕ್ಕನ ಕತೆ ನೋಡಿದ ಮೇಲೆ ನನ್ನ ವಿಷಯದಲ್ಲಿ ಮನೆಯವರು ಹೇಳಿಯೇ ಮಾತುಕತೆ ಮಾಡಿದರು. ಮೊದಲ ಎರಡು ಮನೆಯವರು ಆಮೇಲೆ ಫೋನ್ ಎತ್ತಲಿಲ್ಲ. ಅದು ನೋವಾಗುತ್ತದೆ, ಆಗಲ್ಲ ಅಂತ ಹೇಳಲಾರೆ. ಮೂರನೇ ಹುಡುಗ ಎಲ್ಲ ಕೇಳಿಸಿಕೊಂಡು, "ಹಂಗಾದ್ರ ರಾತ್ರಿ ಎಷ್ಟಕ್ಕ ಮಲಗಬೇಕು ನೀವು?" ಅಂತ ಕೇಳಿದ. ಈಗ ರಾತ್ರಿ ಹನ್ನೊಂದಕ್ಕೆ ಟಿವಿ ಆರಿಸುವುದು ಅವನ ಕೆಲಸ.

ಆಫೀಸಿನಲ್ಲಿ ನಾಲ್ಕು ಸಾಲು

ನಾಲ್ಕನೇ ಸಲ ಬಿದ್ದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎರಡು ರಾತ್ರಿ ರಿಲೀಸ್ ಕೆಲಸ ಮಾಡಿದ ಮೇಲೆ. ನಮ್ಮ ಕೆಲಸದಲ್ಲಿ ಆನ್-ಕಾಲ್ ಅಂತ ಇರುತ್ತದೆ, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಎದ್ದು ಕೂರಬೇಕು. ಬೇರೆಯವರಿಗೆ ಅದು ಬರೀ ಆಯಾಸ, ನನಗೆ ಮರುದಿನ ಬೆಳಗಿನ ಅಪಾಯ.

ಹೇಳಲು ಹಿಂಜರಿಕೆ ಯಾಕೆ ಅಂದರೆ ಕಾನೂನಿನ ಆಸರೆ ಅರ್ಧ ಮಾತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ದೀರ್ಘಕಾಲದ ನರರೋಗಗಳ ಕೆಳಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಎಂಬ ಹೆಸರುಗಳಿವೆ, ಅಪಸ್ಮಾರದ ಹೆಸರಿಲ್ಲ. ಮೀಸಲಾತಿಯಂಥ ಸೌಲಭ್ಯಕ್ಕೆ ಶೇಕಡಾ 40ರಷ್ಟು ವೈಕಲ್ಯ ಇದೆ ಅಂತ ಪ್ರಮಾಣಪತ್ರ ಬೇಕು. ಗುಳಿಗೆಯಿಂದ ಹತೋಟಿಯಲ್ಲಿರುವ ನನ್ನಂಥವರಿಗೆ ಅದು ಸಿಗುವುದು ಕಷ್ಟ. ನೋಡಲು ಚೆನ್ನಾಗಿರುವವರು ಕೇಳಿದರೆ ನೆಪ ಅನ್ನುತ್ತಾರೆ, ಬಿದ್ದಾಗ ನೋಡಿದವರು ಕೆಲಸಕ್ಕೇ ಬೇಡ ಅನ್ನುತ್ತಾರೆ. ನಡುವೆ ನಿಂತು ಹೇಳಲು ಜಾಗವೇ ಇಲ್ಲ ಅನ್ನಿಸುತ್ತದೆ.

ಡ್ರೈವಿಂಗ್ ಲೈಸೆನ್ಸ್ ಅರ್ಜಿಯದ್ದೂ ಇದೇ ಕತೆ. ಫಾರ್ಮ್ 1ರಲ್ಲಿ ನಿಮಗೆ ಅಪಸ್ಮಾರ ಇದೆಯೇ ಅಂತ ನೇರವಾಗಿ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ಫಿಟ್ಸ್ ಬರದಿದ್ದರೆ ಕಾರು ಓಡಿಸಬಹುದು. ಇಲ್ಲಿನ ಫಾರ್ಮಿನಲ್ಲಿ ಎಷ್ಟು ವರ್ಷದಿಂದ ಬಂದಿಲ್ಲ ಅನ್ನುವುದಕ್ಕೆ ಕಾಲಮ್ಮೇ ಇಲ್ಲ, ಹೌದು ಅಥವಾ ಇಲ್ಲ ಅಷ್ಟೇ. ಹಾಗಾಗಿ ಎಷ್ಟೋ ಜನ "ಇಲ್ಲ" ಅಂತ ಬರೆಯುತ್ತಾರೆ. ನಾನು ಸ್ಕೂಟಿ ಓಡಿಸುವುದಿಲ್ಲ. ಯಾಕೆ ಅಂತ ಊರಲ್ಲಿ ಕೇಳಿದರೆ "ಬೆಂಗಳೂರಾಗ ಮೆಟ್ರೋ ಐತಲ್ರಿ" ಅಂತೀನಿ.

ಈಗಿನ ಆಫೀಸಿನಲ್ಲಿ ನಾನು ಹೇಳಿದ್ದು ಸಂದರ್ಶನದಲ್ಲಲ್ಲ, ಆಫರ್ ಕೈಗೆ ಬಂದ ಮೇಲೆ, ಸೇರಿದ ಮೊದಲ ವಾರ. ಕಾಯಿಲೆಯ ಚರಿತ್ರೆ ಹೇಳಲಿಲ್ಲ, ಕೆಲಸಕ್ಕೆ ಸಂಬಂಧಿಸಿದ್ದಷ್ಟೇ ಮ್ಯಾನೇಜರಿಗೂ ಎಚ್‌ಆರ್‌ಗೂ ಮೇಲ್ ಮಾಡಿದೆ. ನಾಲ್ಕೇ ಸಾಲು: "ನನಗೆ ಅಪಸ್ಮಾರ ಇದೆ, ಔಷಧದಿಂದ ಹತೋಟಿಯಲ್ಲಿದೆ. ರಾತ್ರಿ 11ರಿಂದ 6ರವರೆಗೆ ಆನ್-ಕಾಲ್ ಮಾಡಲಾರೆ, ಅದರ ಬದಲು ಶನಿವಾರ ಭಾನುವಾರದ ಹಗಲಿನ ಪಾಳಿ ತಗೊಳ್ತೀನಿ. ವೈದ್ಯರ ಪತ್ರ ಜೊತೆಗಿದೆ. ಈ ವಿಷಯ ನಿಮ್ಮಿಬ್ಬರಲ್ಲಿ ಮತ್ತು ನನ್ನ ಪಕ್ಕ ಕೂರುವ ಒಬ್ಬರಲ್ಲಿ ಇರಲಿ."

ಕೇಳಿದ್ದು ಒಂದೇ ಬದಲಾವಣೆ, ಕೊಡುವ ಬದಲಿಯೂ ಅದರಲ್ಲೇ ಇತ್ತು, ಯಾರಿಗೆ ಗೊತ್ತಿರಬೇಕು ಅನ್ನುವ ಗೆರೆಯೂ ಇತ್ತು. ಖಾಸಗಿ ಕಂಪನಿಯೂ ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು ಅಂತ ಅದೇ 2016ರ ಕಾಯ್ದೆ ಹೇಳುತ್ತದೆ. ಮೇಲ್ ಬರೆಯುವ ಮೊದಲು ನಿಮ್ಮ ಕಂಪನಿಯ ಆ ಪುಟ ಓದಿಕೊಳ್ಳಿ. ಎಲ್ಲ ಕಡೆ ಒಪ್ಪುತ್ತಾರೆ ಅನ್ನಲಾರೆ. ಹಿಂದಿನ ಒಂದು ಕಡೆ ಬಾಯಿಮಾತಿನಲ್ಲಿ ಹೇಳಿದಾಗ ಮುಂದಿನ ಪ್ರಾಜೆಕ್ಟಿನಿಂದ ನನ್ನ ಹೆಸರು ಸದ್ದಿಲ್ಲದೆ ಹೋಗಿತ್ತು. ಬಾಯಿಮಾತಿಗೆ ಪುರಾವೆ ಇರುವುದಿಲ್ಲ. ಮೇಲ್‌ಗೆ ಇರುತ್ತದೆ.

ಪಕ್ಕದವರಿಗೆ ಗೊತ್ತಿರಬೇಕಾದದ್ದು

ಪಕ್ಕ ಕೂರುವ ಗೆಳತಿಗೆ ಹೇಳಿಕೊಟ್ಟದ್ದು ಇಷ್ಟು. ನಾನು ಬಿದ್ದರೆ ಮೊದಲು ಗಡಿಯಾರ ನೋಡು. ಸುತ್ತಲಿನ ಕುರ್ಚಿ ಸರಿಸು, ತಲೆಯ ಕೆಳಗೆ ದುಪಟ್ಟಾ ಮಡಚಿ ಇಡು. ಕೈಕಾಲು ಒತ್ತಿ ಹಿಡಿಯಬೇಡ. ಬಾಯಿಗೆ ಚಮಚ, ನೀರು, ಬೆರಳು ಯಾವುದೂ ಬೇಡ, ನಾಲಿಗೆ ಕಚ್ಚಿದರೆ ವಾಸಿಯಾಗುತ್ತದೆ, ಮುರಿದ ಹಲ್ಲು ಉಸಿರಿನ ಕೊಳವೆಗೆ ಹೋದರೆ ಕಷ್ಟ. ಜಗ್ಗಾಟ ನಿಲ್ಲುತ್ತಿದ್ದ ಹಾಗೆ ಒಂದು ಮಗ್ಗುಲಿಗೆ ಹೊರಳಿಸು, ಜೊಲ್ಲು ಹೊರಗೆ ಹರಿದುಹೋಗಲಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರ ಬರುವ ಮೊದಲೇ ಇನ್ನೊಮ್ಮೆ ಬಂದರೆ 108ಕ್ಕೆ ಫೋನ್ ಮಾಡು. ಎದ್ದ ಮೇಲೆ ಅರ್ಧ ಗಂಟೆ ನನಗೆ ಗೊಂದಲ ಇರುತ್ತದೆ, ಅಲ್ಲೇ ಕೂತಿರು.

ಕೀಲಿಗೊಂಚಲಿನ ವಿಷಯ. ಕೈಗೆ ಕಬ್ಬಿಣ ಕೊಟ್ಟರೆ, ಉಳ್ಳಾಗಡ್ಡಿ ಮೂಸಿಸಿದರೆ ಫಿಟ್ಸ್ ನಿಲ್ಲುತ್ತದೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ಸಾಮಾನ್ಯವಾಗಿ ಫಿಟ್ಸ್ ಒಂದರಿಂದ ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಕೀಲಿ ಹುಡುಕಿ ತರಲು ಬೇಕಾಗುವುದೂ ಅಷ್ಟೇ ಹೊತ್ತು. ಹಾಗಾಗಿ ಹೆಸರು ಕೀಲಿಗೆ ಬಂದಿದೆ. ಕೈಯಲ್ಲಿ ಕೀಲಿ ಇಟ್ಟರೆ ದೊಡ್ಡ ನಷ್ಟವಿಲ್ಲ, ಆದರೆ ಅದನ್ನು ಹುಡುಕಲು ಎಲ್ಲರೂ ಓಡಿದಾಗ ಮಗ್ಗುಲಿಗೆ ಹೊರಳಿಸುವವರು ಯಾರೂ ಉಳಿಯುವುದಿಲ್ಲ.

ಐದು ವರ್ಷದಿಂದ ನಾನು ಬಿದ್ದಿಲ್ಲ. ಗುಳಿಗೆ ನಿಲ್ಲಿಸಬಹುದಾ ಅಂತ ಅಪ್ಪ ಪ್ರತಿ ವರ್ಷ ಡಾಕ್ಟರನ್ನು ಕೇಳುತ್ತಾರೆ. ಜೆಎಂಇಯಲ್ಲಿ ನಿಲ್ಲಿಸಿದರೆ ಬಹುತೇಕರಿಗೆ ಮರಳಿ ಬರುತ್ತದೆ, ಮುಂದುವರಿಸಿ ಅನ್ನುತ್ತಾರೆ ಅವರು. ಹಾಗಾಗಿ ಡಬ್ಬಿ ಜೀವನಪೂರ್ತಿ ಜೊತೆಗಿರುತ್ತದೆ. ಬೆಂಗಳೂರಿನ ಮನೆಯಲ್ಲಿ ಅದು ಈಗ ಊಟದ ಟೇಬಲ್ಲಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕ, ತನ್ನದೇ ಹೆಸರಿನ ಚೀಟಿ ಹೊತ್ತು ಕೂತಿದೆ. ಲಕ್ಷ್ಮೇಶ್ವರಕ್ಕೆ ಹೋದಾಗ ಮಾತ್ರ ಅವ್ವ ಇನ್ನೂ ಅದನ್ನು ಎತ್ತಿ ಕಪಾಟಿನಲ್ಲಿ ಇಡುತ್ತಾಳೆ.